ರೂಮ್ ಬಾಡಿಗೆ ಹೆಸರಲ್ಲಿ ಕತ್ತರಿಸಿದ 93,000 ರೂಪಾಯಿ ಬಗ್ಗೆ ಮೇಲ್ಮನವಿ (ಕ್ಲೇಮ್ ಸಂಖ್ಯೆ 4471)

ದಾವಣಗೆರೆ, 10 ನವೆಂಬರ್ 2025

ಕುಂದುಕೊರತೆ ಅಧಿಕಾರಿಯವರಿಗೆ,

ನಮಸ್ಕಾರ. ಅಕ್ಟೋಬರ್ 9ರ ರಾತ್ರಿ ನಮ್ಮ ಅಮ್ಮ (71 ವರ್ಷ) ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆ ಮೂಳೆಯ ತುದಿ ಮುರಿದು, ಇಂಪ್ಲಾಂಟ್ ಹಾಕಿ ಆಪರೇಷನ್ ಮಾಡಬೇಕಾಯಿತು. ಒಂದು ದಿನ ಐಸಿಯು, ಐದು ದಿನ ರೂಮ್, 15ಕ್ಕೆ ಡಿಸ್ಚಾರ್ಜ್. ಒಟ್ಟು ಬಿಲ್ 2,92,000 ರೂಪಾಯಿ. ನೀವು ಕ್ಯಾಶ್‌ಲೆಸ್‌ನಲ್ಲಿ ಮಂಜೂರು ಮಾಡಿದ್ದು 1,80,000. ಉಳಿದ 1,12,000 ಕಟ್ಟದೆ ಅಮ್ಮನನ್ನು ಮನೆಗೆ ಕಳಿಸುವುದಿಲ್ಲ ಅಂತ ಆಸ್ಪತ್ರೆಯವರು ಅಂದರು, ಅದಕ್ಕೆ ತಂಗಿಯ ಹತ್ತಿರ ಸಾಲ ಮಾಡಿ ಕಟ್ಟಿದೆ.

ಮೊದಲು ನಮ್ಮ ಕಡೆಯ ತಪ್ಪು ಒಪ್ಪಿಕೊಳ್ಳುತ್ತೇನೆ. ಪಾಲಿಸಿ 5 ಲಕ್ಷದ್ದು, ದಿನಕ್ಕೆ ಶೇ. 1 ಅಂದರೆ 5,000 ರೂಪಾಯಿ ರೂಮ್ ಬಾಡಿಗೆ ಮಿತಿ ಇದೆ. ಅವತ್ತು ರಾತ್ರಿ 4,500ರ ಸೆಮಿ ಪ್ರೈವೇಟ್ ಖಾಲಿ ಇರಲಿಲ್ಲ. 8,000ದ ಸಿಂಗಲ್ ರೂಮ್ ತಗೊಂಡೆವು. ಅಮ್ಮ ನೋವಿಗೆ ಕೂಗುತ್ತಿರುವಾಗ ಪಾಲಿಸಿ ತೆಗೆದು ಓದುವ ಮನಸ್ಸು ಯಾರಿಗಿರುತ್ತೆ ಹೇಳಿ. ಆದರೂ ಸಹಿ ಹಾಕಿದ್ದು ನಾನೇ, ಹಾಗಾಗಿ ಐದು ದಿನಕ್ಕೆ ದಿನಕ್ಕೆ 3,000ದಂತೆ 15,000 ಕಡಿದಿದ್ದು ಸರಿ. ಗ್ಲೌಸ್, ಅಡ್ಮಿಷನ್ ಕಿಟ್ ಅಂತ ತೆಗೆದ 4,000ಕ್ಕೂ ನನ್ನ ತಕರಾರಿಲ್ಲ.

ತಕರಾರಿರುವುದು ಉಳಿದ 93,000ದ ಬಗ್ಗೆ. 8,000ದಲ್ಲಿ 5,000 ಅಂದರೆ ಶೇ. 62.5, ಆದ್ದರಿಂದ ಉಳಿದದ್ದೆಲ್ಲದರಲ್ಲೂ ಶೇ. 37.5 ಕಡಿತ ಅಂತ ನಿಮ್ಮ ಟಿಪಿಎ ಲೆಕ್ಕ ಹಾಕಿದ್ದಾರೆ. ಇಂಪ್ಲಾಂಟ್‌ನ 78,000ದಲ್ಲಿ 29,250 ಹೋಯಿತು, ಔಷಧಿ ಮತ್ತು ಕನ್ಸ್ಯೂಮಬಲ್ಸ್‌ನ 46,400ರಲ್ಲಿ 17,400, ಎಕ್ಸ್‌ರೇ, ಸ್ಕ್ಯಾನ್, ರಕ್ತ ಪರೀಕ್ಷೆಯ 22,100ರಲ್ಲಿ 8,287.50. ಐಸಿಯುನ 9,500ರಲ್ಲೂ 3,562.50 ತೆಗೆದಿದ್ದೀರಿ, ಅದೂ ನಿಮ್ಮದೇ ಐಸಿಯು ಮಿತಿ ದಿನಕ್ಕೆ 10,000 ಇರುವಾಗ!

ಇಂಪ್ಲಾಂಟ್ ಸ್ಟಿಕ್ಕರ್ ಡಿಸ್ಚಾರ್ಜ್ ಫೈಲಲ್ಲೇ ಅಂಟಿಸಿದೆ, ಇನ್ವಾಯ್ಸ್ ಕೂಡ ಜೊತೆಗಿದೆ. ಜನರಲ್ ವಾರ್ಡಿನವರಿಗೆ ಹಾಕಿದರೂ ಅದರ ಬೆಲೆ ಅಷ್ಟೇ. ಮಾತ್ರೆ ಸ್ಟ್ರಿಪ್ ಮೇಲಿನ ಎಂಆರ್‌ಪಿ ಯಾವ ರೂಮಲ್ಲಿ ಮಲಗಿದ್ದೀರಿ ಅಂತ ನೋಡಿ ಬದಲಾಗುತ್ತಾ? ರೂಮ್ ದೊಡ್ಡದಾದರೆ ಬೆಲೆ ಏರುವ ಖರ್ಚಿಗೆ ಮಾತ್ರ ಈ ಕಡಿತದಲ್ಲಿ ಅರ್ಥ ಇದೆ. ಇದು ನನ್ನ ಸ್ವಂತ ವಾದ ಅಲ್ಲ. ಔಷಧಿ ಮತ್ತು ಕನ್ಸ್ಯೂಮಬಲ್ಸ್, ಇಂಪ್ಲಾಂಟ್, ಡಯಾಗ್ನೋಸ್ಟಿಕ್ಸ್ ಇವನ್ನು ‘ಅಸೋಸಿಯೇಟ್ ಮೆಡಿಕಲ್ ಎಕ್ಸ್‌ಪೆನ್ಸಸ್’ನಲ್ಲಿ ಸೇರಿಸಬಾರದು, ಐಸಿಯುಗೆ ಪ್ರಪೋರ್ಷನೇಟ್ ಡಿಡಕ್ಷನ್ ಮಾಡಬಾರದು ಅಂತ ಐಆರ್‌ಡಿಎಐ 2020ರ ಜೂನ್‌ನಲ್ಲೇ ಹೇಳಿತ್ತು. ನೀವು ನನಗೆ ಕೊಟ್ಟ ಪಾಲಿಸಿಯಲ್ಲೂ ಅದೇ ಮಾತಿದೆ, ಆ ಪುಟಕ್ಕೆ ಪೆನ್ನಲ್ಲಿ ಗುರುತು ಹಾಕಿ ಲಗತ್ತಿಸಿದ್ದೇನೆ. ಈ ನಾಲ್ಕೂ ಸೇರಿ 58,500 ಆಗುತ್ತೆ.

ಇನ್ನು ಸರ್ಜನ್, ಅರಿವಳಿಕೆ, ಓಟಿ ಸೇರಿದ 92,000. ಇದರಲ್ಲಿ 34,500 ಕಡಿದಿದ್ದೀರಿ. ಇದು ಸ್ವಲ್ಪ ಬೇರೆ ವಿಷಯ ಅಂತ ನನಗೂ ಗೊತ್ತು, ಏಕೆಂದರೆ ಕೆಲವು ಆಸ್ಪತ್ರೆಗಳಲ್ಲಿ ರೂಮ್ ನೋಡಿ ಸರ್ಜನ್ ಫೀಸ್ ಏರಿಸುತ್ತಾರೆ. ಅದಕ್ಕೇ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಮೂರು ಸಲ ಅಲೆದು, ಕೊನೆಗೆ ಲೆಟರ್‌ಹೆಡ್ಡಿನಲ್ಲೇ ಬರೆಸಿಕೊಂಡು ಬಂದೆ: ಈ ಆಪರೇಷನ್ನಿಗೆ ಸೆಮಿ ಪ್ರೈವೇಟ್‌ಗೂ ಸಿಂಗಲ್ ರೂಮಿಗೂ ಒಂದೇ ದರ. ದರಪಟ್ಟಿಯೂ ಜೊತೆಗಿದೆ. ರೂಮ್ ಪ್ರಕಾರ ದರ ಬದಲಾಗದ ಖರ್ಚಿಗೆ ಈ ಕಡಿತ ಮಾಡುವ ಹಾಗಿಲ್ಲ ಅನ್ನುವುದೂ ಅದೇ ಪುಟದಲ್ಲಿದೆ. ನಿಮ್ಮ ಟಿಪಿಎ ಆಸ್ಪತ್ರೆಯನ್ನು ಒಂದು ಮಾತು ಕೇಳಿದ್ದರೆ ನನ್ನ ಅಲೆದಾಟ ತಪ್ಪುತ್ತಿತ್ತು, ಅಲ್ವಾ?

ಕಾಲ್ ಸೆಂಟರಿಗೆ ನಾಲ್ಕು ಸಲ ಫೋನ್ ಮಾಡಿದೆ. ‘ಸರ್, ಅದು ಸಿಸ್ಟಮ್ ಲೆಕ್ಕ’ ಅಂದರು. ಸಿಸ್ಟಮ್ ಲೆಕ್ಕ ಹಾಕಿದ್ದು ಯಾವ ಕಲಮಿನ ಪ್ರಕಾರ ಅಂತ ಮಾತ್ರ ಯಾರೂ ಹೇಳಲಿಲ್ಲ.

ಆದ್ದರಿಂದ ಕ್ಲೇಮನ್ನು ಮತ್ತೆ ಪರಿಶೀಲಿಸಿ 93,000 ರೂಪಾಯಿಯನ್ನು ಪಾಲಿಸಿಯಲ್ಲಿ ನಮೂದಾಗಿರುವ ನನ್ನ ಖಾತೆಗೆ ಹಾಕಿ. ಯಾವುದಾದರೂ ಮೊತ್ತ ಕೊಡುವುದಿಲ್ಲ ಅಂತಿದ್ದರೆ, ಸುಮ್ನೆ ‘ಪಾಲಿಸಿ ನಿಯಮದಂತೆ’ ಅನ್ನದೆ, ಯಾವ ಬಾಬಿಗೆ ಯಾವ ಕಲಮು ಅಂತ ಬರೆದು ತಿಳಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಇದೇ ಕಾಗದಗಳನ್ನು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಕೊಡುತ್ತೇನೆ. ಅಲ್ಲಿ ದೂರು ಕೊಡಲು ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಫೈನಲ್ ಬಿಲ್, ನಿಮ್ಮ ಸೆಟಲ್‌ಮೆಂಟ್ ಪತ್ರ, ಡಿಸ್ಚಾರ್ಜ್ ಸಮ್ಮರಿ, ಇಂಪ್ಲಾಂಟ್ ಇನ್ವಾಯ್ಸ್, ಆಸ್ಪತ್ರೆಯ ಪತ್ರ ಮತ್ತು ದರಪಟ್ಟಿ, ಪಾಲಿಸಿಯ ಆ ಪುಟ ಎಲ್ಲವನ್ನೂ ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ್ದಕ್ಕೆ ದೂರು ಸಂಖ್ಯೆ ಕಳಿಸಿ.

ಇಂತಿ,
ಮಂಜುನಾಥ ಕೆ.
(ಪಾಲಿಸಿದಾರ)