ಮೋಟರ್ ವೈಂಡಿಂಗ್ ದರ ಏರಿಕೆ: ನಮ್ಮ ಹಳೆಯ ಗಿರಾಕಿಗಳಿಗೆ ಪತ್ರ

ಹಾಸನ
ಫೆಬ್ರವರಿ 2, 2026

ಮಾನ್ಯರೇ,

ಮಾರ್ಚ್ 1ರಿಂದ ನಮ್ಮ ಅಂಗಡಿಯಲ್ಲಿ ಸಬ್‌ಮರ್ಸಿಬಲ್ ಮೋಟರ್ ವೈಂಡಿಂಗ್ ದರ ಏರುತ್ತಿದೆ. 5 ಎಚ್‌ಪಿಗೆ ಈಗಿರುವ 6,500 ರೂಪಾಯಿ 8,500 ಆಗುತ್ತದೆ, ಏಳೂವರೆ ಎಚ್‌ಪಿಗೆ 8,700 ಇದ್ದದ್ದು 11,400, 10 ಎಚ್‌ಪಿಗೆ 11,000 ಇದ್ದದ್ದು 14,400. ಜಿಎಸ್‌ಟಿ ಮೊದಲಿನಂತೆ ಬೇರೆ. ಏರಿಕೆ ಸಣ್ಣದಲ್ಲ. ಕಾಫಿ ತೋಟಗಳಲ್ಲಿ ಹೂವಿಗೆ ನೀರು ಹಾಯಿಸುವ ಕಾಲ, ಅರಸೀಕೆರೆ ಕಡೆ ತೆಂಗಿಗೆ ಬೋರು ಬಿಡುವು ಕೊಡದೆ ಓಡುವ ಕಾಲ. ಇಂಥ ಹೊತ್ತಿನಲ್ಲಿ ಈ ಸುದ್ದಿ ಹೇಳುವುದು ನನಗೂ ಕಷ್ಟವೇ. ಆದರೆ ಸುಟ್ಟ ಮೋಟರನ್ನು ಗಾಡಿಯಿಂದ ಇಳಿಸಿದ ಮೇಲೆ ಬಿಲ್ ನೋಡಿ ನಿಮಗೆ ಗೊತ್ತಾಗಬಾರದು ಎಂದು ಒಂದು ತಿಂಗಳು ಮುಂಚೆಯೇ ಬರೆಯುತ್ತಿದ್ದೇನೆ.

ಕಾರಣ ಮುಖ್ಯವಾಗಿ ತಾಮ್ರ. ಕಳೆದ ಸಲ ದರ ಬದಲಿಸಿದ್ದು 2023ರ ಏಪ್ರಿಲ್‌ನಲ್ಲಿ. ಆಗ ಪಾಲಿ ವೈರ್ ನಮಗೆ ಕೆಜಿಗೆ 950 ರೂಪಾಯಿಗೆ ಸಿಗುತ್ತಿತ್ತು, ಈಗ 1,350. ಲಂಡನ್ನಿನ ಲೋಹದ ಪೇಟೆಯಲ್ಲಿ ತಾಮ್ರ 2024ರ ಮೇ ತಿಂಗಳಲ್ಲಿ ಟನ್ನಿಗೆ 11,000 ಡಾಲರ್ ಮುಟ್ಟಿ ಇಳಿದಿತ್ತು. ಅದು ಇಳಿದದ್ದು ನೋಡಿ ಇನ್ನಷ್ಟು ದಿನ ಹಳೆಯ ದರದಲ್ಲೇ ನಡೆಸೋಣ ಎಂದುಕೊಂಡೆವು. 2025ರ ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಗಣಿಯಲ್ಲಿ ಕೆಸರು ನುಗ್ಗಿ ಕೆಲಸ ನಿಂತಿತು. ಅದು ಜಗತ್ತಿನ ಅತಿ ದೊಡ್ಡ ತಾಮ್ರದ ಗಣಿಗಳಲ್ಲಿ ಒಂದು. ಡಿಸೆಂಬರ್‌ನಲ್ಲಿ ಬೆಲೆ 12,000 ಡಾಲರ್ ದಾಟಿತು. ಕರೆಂಟಿನ ಗಾಡಿ, ಸೋಲಾರ್, ಹೊಸ ವಿದ್ಯುತ್ ಲೈನ್ ಎಲ್ಲಕ್ಕೂ ತಾಮ್ರ ಬೇಕು. ತೂತ್ತುಕುಡಿಯ ದೊಡ್ಡ ತಾಮ್ರ ಘಟಕ 2018ರಲ್ಲಿ ಮುಚ್ಚಿದ ಮೇಲೆ ನಮ್ಮ ದೇಶ ಹೊರಗಿನ ತಾಮ್ರವನ್ನೇ ಹೆಚ್ಚು ನೆಚ್ಚಿಕೊಂಡಿದೆ. ಹಾಗಾಗಿ ಅಲ್ಲಿ ಏರಿದ್ದು ಇಲ್ಲಿಗೆ ಬರಲು ತಡವಾಗುವುದಿಲ್ಲ.

ಲೆಕ್ಕವನ್ನು ಬಿಚ್ಚಿಯೇ ಇಡುತ್ತೇನೆ. 5 ಎಚ್‌ಪಿ ಮೋಟರಿಗೆ ಸುಮಾರು 4 ಕೆಜಿ ವೈರ್ ಹಿಡಿಯುತ್ತದೆ. ಮೊದಲು ವೈರಿಗೆ 3,800, ಕೂಲಿ ಮತ್ತು ಉಳಿದ ಖರ್ಚಿಗೆ 2,700 ಆಗುತ್ತಿತ್ತು. ಈಗ ವೈರಿಗೇ 5,400, ಉಳಿದದ್ದಕ್ಕೆ 3,100. ಅಂದರೆ ಏರಿದ 2,000 ರೂಪಾಯಿಯಲ್ಲಿ 1,600 ತಾಮ್ರದ್ದು, 400 ಕೆಲಸಗಾರರದ್ದು. ಅಂಗಡಿಯ ಲಾಭಕ್ಕೆಂದು ಇದರಲ್ಲಿ ಒಂದು ರೂಪಾಯಿಯನ್ನೂ ಸೇರಿಸಿಲ್ಲ.

ಆ 400ರ ಬಗ್ಗೆಯೂ ಹೇಳಬೇಕು. ಸಬ್‌ಮರ್ಸಿಬಲ್ ವೈಂಡಿಂಗ್ ಕೈಯಲ್ಲೇ ಆಗಬೇಕಾದ ಕೆಲಸ. ಸ್ಟೇಟರನ್ನು ಅಡ್ಡ ಮಲಗಿಸಿಕೊಂಡು, ಒಬ್ಬ ಈ ಕಡೆಯಿಂದ ವೈರ್ ನೂಕಿದರೆ ಇನ್ನೊಬ್ಬ ಆ ಕಡೆ ಎಳೆದುಕೊಳ್ಳಬೇಕು. ಹೀಗೆ ಒಂದೊಂದೇ ಸುತ್ತು. ಎಳೆಯುವಾಗ ಸ್ಲಾಟಿನ ಅಂಚಿಗೆ ತಾಗಿ ಪಾಲಿ ಕವಚ ಒಂದು ಕಡೆ ಕೆತ್ತಿದರೂ ಸಾಕು, ಬಾವಿಗೆ ಇಳಿಸಿದ ಮೇಲೆ ನೀರು ಅದೇ ಜಾಗ ಹುಡುಕಿಕೊಂಡು ಹೋಗುತ್ತದೆ. ಮತ್ತೆ ಪೈಪೆಲ್ಲ ಎತ್ತಬೇಕು. ಇಷ್ಟು ನಾಜೂಕಾಗಿ ಕೂತು ಕೆಲಸ ಮಾಡುವ ಹುಡುಗರು ಈಗ ಸುಲಭವಾಗಿ ಸಿಗುವುದಿಲ್ಲ. ಕಲಿತವರು ಬೆಂಗಳೂರಿನ ಕಾರ್ಖಾನೆಗಳ ದಾರಿ ಹಿಡಿಯುತ್ತಾರೆ. ನಮ್ಮಲ್ಲಿ ಉಳಿದಿರುವ ಇಬ್ಬರು ನಿಮ್ಮ ಮೋಟರುಗಳನ್ನು ವರ್ಷಗಳಿಂದ ಬಲ್ಲವರು. ಅವರ ಸಂಬಳ ಹೆಚ್ಚಿಸಿದ್ದೇನೆ, ಅದು ನ್ಯಾಯವೂ ಹೌದು.

ದರ ಏರಿಸದೆ ಇರುವ ದಾರಿಗಳೂ ಇವೆ, ಅವು ನಮಗೆ ಗೊತ್ತಿಲ್ಲದ್ದೇನಲ್ಲ. ತಾಮ್ರದ ಬದಲು ಅಲ್ಯೂಮಿನಿಯಂ ಹಾಕಬಹುದು, ಇಲ್ಲವೇ ಒಂದು ಗೇಜ್ ಸಣ್ಣ ವೈರ್ ಹಾಕಿ ತೂಕ ಉಳಿಸಬಹುದು. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ಅಷ್ಟೇ ದಪ್ಪದ ಅಲ್ಯೂಮಿನಿಯಂ ವೈರಿಗೆ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು ರೆಸಿಸ್ಟೆನ್ಸ್ ಇರುತ್ತದೆ. ದಪ್ಪ ವೈರ್ ಹಾಕೋಣವೆಂದರೆ ಸ್ಲಾಟಿನಲ್ಲಿ ಜಾಗವಿಲ್ಲ. ಮೋಟರ್ ಬಿಸಿಯಾಗುತ್ತದೆ, ವೋಲ್ಟೇಜ್ ಬಿದ್ದ ದಿನ ಸುಡುತ್ತದೆ. ಆಲೂರು, ಬೇಲೂರು ಕಡೆ ಈ ತಿಂಗಳಲ್ಲಿ ಎಲ್ಲರ ಸ್ಪ್ರಿಂಕ್ಲರೂ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಎಷ್ಟಿರುತ್ತದೆ ಎಂದು ನಿಮಗೇ ಗೊತ್ತು. ಹೂವು ಬಿರಿಯಬೇಕಾದ ವಾರದಲ್ಲಿ ನೀರು ನಿಂತರೆ ಆಗುವ ನಷ್ಟದ ಮುಂದೆ ವೈಂಡಿಂಗಿನಲ್ಲಿ ಉಳಿದ ಎರಡು ಸಾವಿರ ಏನೂ ಅಲ್ಲ. ಆ ಕೆಲಸಕ್ಕೆ ನಾವು ಕೈ ಹಾಕುವುದಿಲ್ಲ.

ಹಳೆಯ ತಾಮ್ರ ಎಂದಿನಂತೆ ನಿಮ್ಮದೇ. ಬಿಚ್ಚಿದ ವೈರನ್ನು ನಿಮ್ಮೆದುರೇ ತೂಗುತ್ತೇವೆ. ಬೇಕಾದವರು ಮನೆಗೆ ಒಯ್ಯಬಹುದು, ಬೇಡದವರಿಗೆ ಆ ದಿನದ ಗುಜರಿ ದರದಲ್ಲಿ ಬಿಲ್ಲಿನಿಂದ ಕಳೆಯುತ್ತೇವೆ. ತಾಮ್ರ ಏರಿದ್ದರಿಂದ ಇದರ ಬೆಲೆಯೂ ಏರಿದೆ. 2023ರಲ್ಲಿ ಕೆಜಿಗೆ 650 ಕೊಡುತ್ತಿದ್ದೆವು, ಈಗ 900 ಕೊಡುತ್ತಿದ್ದೇವೆ. 5 ಎಚ್‌ಪಿಯಿಂದ ಮೂರೂವರೆ ಕೆಜಿ ಹಳೆಯ ತಾಮ್ರ ಬಂದರೆ ಮೊದಲಿಗಿಂತ 875 ರೂಪಾಯಿ ಹೆಚ್ಚು ನಿಮಗೆ ಸಿಗುತ್ತದೆ. ಅದನ್ನು ಕಳೆದರೆ ನಿಮ್ಮ ಕೈಯಿಂದ ಹೆಚ್ಚಿಗೆ ಹೋಗುವುದು 1,125. ಅದೂ ಹೊರೆಯೇ, ಆದರೆ ಎರಡು ಸಾವಿರವಲ್ಲ.

ಫೆಬ್ರವರಿ 28ರ ಸಂಜೆಯೊಳಗೆ ಅಂಗಡಿಗೆ ತಂದ ಮೋಟರಿಗೆ ಹಳೆಯ ದರವೇ. ಕೆಲಸ ಮುಗಿಯುವುದು ಮಾರ್ಚ್‌ನಲ್ಲಾದರೂ ಬದಲಾವಣೆಯಿಲ್ಲ. ವರ್ಷದ ಒಪ್ಪಂದ ಮಾಡಿಕೊಂಡಿರುವ ತೋಟದವರಿಗೆ ಒಪ್ಪಂದ ಮುಗಿಯುವವರೆಗೂ ಈಗಿನ ದರ. ಪಂಪ್ ಎತ್ತುವ, ಇಳಿಸುವ ಕೂಲಿ, ಬುಷ್ ಮತ್ತು ಬೇರಿಂಗ್ ಬದಲಿಸುವ ಮಜೂರಿ, ಮನೆಯ 1 ಎಚ್‌ಪಿ ಮೋಟರಿನ ದರ ಇವು ಯಾವುವೂ ಏರುವುದಿಲ್ಲ. ಆರು ತಿಂಗಳ ಗ್ಯಾರಂಟಿ ಹಾಗೆಯೇ ಇದೆ. ಕಾಫಿ ಮಾರಿದ ಮೇಲೆ, ಆಲೂಗಡ್ಡೆ ಕಿತ್ತ ಮೇಲೆ, ಶುಂಠಿ ದುಡ್ಡು ಬಂದ ಮೇಲೆ ಕೊಡುತ್ತಿದ್ದವರು ಹಾಗೆಯೇ ಕೊಡಿ. ಈ ಏರಿಕೆಯ ನೆಪದಲ್ಲಿ ಯಾರ ಸಾಲದ ವಾಯಿದೆಯನ್ನೂ ಕಡಿಮೆ ಮಾಡುವುದಿಲ್ಲ.

ತಾಮ್ರ ಇಳಿದರೆ ದರವೂ ಇಳಿಯುತ್ತದೆ. ನಮಗೆ ವೈರ್ ಸಿಗುವ ದರವನ್ನು ಇನ್ನು ಮುಂದೆ ಪ್ರತಿ ತಿಂಗಳ ಮೊದಲ ದಿನ ಅಂಗಡಿಯ ಬೋರ್ಡಿನಲ್ಲಿ ಬರೆಯುತ್ತೇವೆ. ಅದು 1,150ಕ್ಕೆ ಬಂದ ತಿಂಗಳಿಂದಲೇ 5 ಎಚ್‌ಪಿಗೆ 800 ರೂಪಾಯಿ ಕಡಿಮೆ, ದೊಡ್ಡ ಮೋಟರುಗಳಿಗೂ ತೂಕದ ಲೆಕ್ಕದಲ್ಲೇ ಕಡಿಮೆ. ನೀವು ಕೇಳುವವರೆಗೆ ಕಾಯುವುದಿಲ್ಲ.

ಬೇರೆ ಕಡೆ ಕಡಿಮೆಗೆ ಮಾಡಿಕೊಡುತ್ತಾರೆಂದರೆ ವಿಚಾರಿಸಿ ನೋಡಿ, ನನಗೆ ಬೇಸರವಿಲ್ಲ. ಎಷ್ಟು ಕೆಜಿ ವೈರ್, ಯಾವ ಗೇಜ್, ಪೂರ್ತಿ ತಾಮ್ರವೇ, ಹಳೆಯ ತಾಮ್ರ ಯಾರಿಗೆ ಎಂದು ಮಾತ್ರ ಕೇಳಿಕೊಳ್ಳಿ. ಈ ನಾಲ್ಕಕ್ಕೂ ಉತ್ತರವನ್ನು ನಮ್ಮ ಬಿಲ್ಲಿನಲ್ಲಿ ಬರೆದೇ ಕೊಡುತ್ತೇವೆ.

ಸ್ಟಾರ್ಟರಿನಲ್ಲಿ ಪ್ರಿವೆಂಟರ್ ಇಲ್ಲದವರು, ಇದ್ದರೂ ನೇರ ಕೊಟ್ಟುಕೊಂಡು ಓಡಿಸುತ್ತಿರುವವರು ದಯವಿಟ್ಟು ಅದನ್ನು ಸರಿಮಾಡಿಸಿಕೊಳ್ಳಿ. ಒಂದು ಫೇಸ್ ಹೋದಾಗ ಮೋಟರ್ ಸುಡದಂತೆ ನಿಲ್ಲಿಸುವುದು ಅದೇ. ಈ ತಿಂಗಳೆಲ್ಲ ನಮ್ಮ ಹಳೆಯ ಗಿರಾಕಿಗಳ ಸ್ಟಾರ್ಟರ್ ಬೋರ್ಡನ್ನು ಬಂದು ನೋಡಿಕೊಡುತ್ತೇವೆ, ಅದಕ್ಕೆ ಚಾರ್ಜ್ ಇಲ್ಲ. ನಿಮ್ಮ ಕಡೆ ಯಾವ ಹೊತ್ತಿಗೆ ತ್ರೀ ಫೇಸ್ ಇರುತ್ತದೆ ಎಂದು ಫೋನಿನಲ್ಲಿ ತಿಳಿಸಿದರೆ ಆ ಹೊತ್ತಿಗೇ ಹುಡುಗರನ್ನು ಕಳಿಸುತ್ತೇನೆ.

ದರದ ಬಗ್ಗೆ ಏನೇ ಕೇಳುವುದಿದ್ದರೂ ನನ್ನನ್ನೇ ಕೇಳಿ. ಭಾನುವಾರ ಬಿಟ್ಟು ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ಅಂಗಡಿಯಲ್ಲೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಾಲೀಕ, ಮೋಟರ್ ವೈಂಡಿಂಗ್ ಅಂಗಡಿ
ಬಿ.ಎಂ. ರಸ್ತೆ, ಹಾಸನ