ಹದಿನೆಂಟು ತುಂಬಿತು, ಫಾರಂ ಆರು ತುಂಬಿದ್ಯಾ? – ಮುಂಬಯಿ ಕನ್ನಡಿಗರ ಮತದಾರ ನೋಂದಣಿ ಅಭಿಯಾನಕ್ಕೆ ಘೋಷವಾಕ್ಯಗಳು

ಅಭಿಯಾನ 2026ರ ನವೆಂಬರ್ 1ರ ರಾಜ್ಯೋತ್ಸವದಂದು ಶುರುವಾಗಿ 2027ರ ಜನವರಿ 25ರ ರಾಷ್ಟ್ರೀಯ ಮತದಾರರ ದಿನಕ್ಕೆ ಮುಗಿಯುತ್ತದೆ. ಮಾಟುಂಗಾ, ಭಾಂಡುಪ್, ಗೋರೆಗಾಂವ್, ಬೊರಿವಲಿ, ಈ ನಾಲ್ಕು ಕಡೆ ಭಾನುವಾರ ಬೆಳಿಗ್ಗೆ ಮೇಜು ಹಾಕುತ್ತೇವೆ. ಪೋಸ್ಟರ್, ಬ್ಯಾಡ್ಜ್, ವಾಟ್ಸಾಪ್ ಸ್ಟೇಟಸ್, ಮೆರವಣಿಗೆಯ ಕೂಗು, ಎಲ್ಲಕ್ಕೂ ಕೆಳಗಿನ ಸಾಲುಗಳಿಂದಲೇ ಆರಿಸಿಕೊಳ್ಳಿ. ಸಾಲಿನ ಹಿಂದಿರುವ ವಿಷಯವನ್ನೂ ಓದಿಕೊಳ್ಳಿ. ಘೋಷಣೆ ಕೇಳಿ ಮೇಜಿನ ಹತ್ತಿರ ಬಂದ ಹುಡುಗಿ ಮುಂದೆ ಏನು ಮಾಡಬೇಕೆಂದು ಕೇಳಿದಾಗ ನಾವು ತಡವರಿಸಬಾರದು.

"ತಪ್ಪದೇ ಮತದಾನ ಮಾಡಿ" ಎಂಬ ಸಾಲನ್ನು ಬೇಕೆಂದೇ ಬಿಟ್ಟಿದ್ದೇವೆ. ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ ಅದರಿಂದ ಏನೂ ಉಪಯೋಗವಿಲ್ಲ. "ಯುವಶಕ್ತಿಯೇ ದೇಶದ ಶಕ್ತಿ"ಯನ್ನೂ ಬಿಟ್ಟೆವು, ಅದನ್ನು ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ನಮ್ಮ ಪ್ರತಿ ಸಾಲೂ ಒಂದು ಕೆಲಸವನ್ನು ಹೇಳಬೇಕು, ಇಲ್ಲವೇ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು.

ಮುಖ್ಯ ಘೋಷಣೆ ಇದು:

ಹದಿನೆಂಟು ತುಂಬಿತು, ಫಾರಂ ಆರು ತುಂಬಿದ್ಯಾ?

"ತುಂಬು" ಎಂಬ ಒಂದೇ ಮಾತು ವಯಸ್ಸಿಗೂ ಅರ್ಜಿಗೂ ಒದಗುತ್ತದೆ. ಜತೆಗೆ ಫಾರಂ ನಂಬರ್ ಕಿವಿಯಲ್ಲಿ ಉಳಿಯುತ್ತದೆ. ಮೊದಲ ಸಲ ಹೆಸರು ಸೇರಿಸುವವರಿಗೆ ಫಾರಂ 6 ಒಂದೇ. ವಿಳಾಸ ಬದಲಾವಣೆಗೆ, ತಿದ್ದುಪಡಿಗೆ ಫಾರಂ 8, ಹೆಸರು ತೆಗೆಸಲು ಫಾರಂ 7. ಮೂರನ್ನೂ ಒಂದೇ ಪೋಸ್ಟರಿನಲ್ಲಿ ತುರುಕಬೇಡಿ. ಮುಂಬಯಿಯಲ್ಲಿ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಓದಲು ಬಾರದು, ಕೇಳಿದರೆ ಪೂರಾ ಅರ್ಥವಾಗುತ್ತದೆ. ಆದ್ದರಿಂದ ಪ್ರತಿ ಸಾಲನ್ನೂ ಮೊದಲು ಜೋರಾಗಿ ಹೇಳಿ ನೋಡಿ. ಒಂದೇ ಉಸಿರಿಗೆ ಬಾರದಿದ್ದರೆ ಅದು ಮೆರವಣಿಗೆಗೆ ಆಗದು, ಪೋಸ್ಟರಿಗೆ ಇಟ್ಟುಕೊಳ್ಳಿ.

ನಮ್ಮವರಿಗೆಂದೇ ಬರೆದ ಸಾಲು:

ಊರು ಎರಡು, ಓಟು ಒಂದು. ಇರುವಲ್ಲೇ ಹೆಸರಿರಲಿ.

ಈ ಅಭಿಯಾನದ ಜೀವಾಳ ಇದೇ. ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಮನೆಗಳಲ್ಲಿ "ಊರಲ್ಲೂ ಒಂದು ಹೆಸರಿರಲಿ, ಇಲ್ಲೂ ಇರಲಿ" ಎನ್ನುವ ಹಿರಿಯರಿದ್ದಾರೆ. ಅದು ತಪ್ಪು. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 17 ಮತ್ತು 18ನೇ ಕಲಮುಗಳ ಪ್ರಕಾರ ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಾಗಲಿ, ಒಂದೇ ಕ್ಷೇತ್ರದಲ್ಲಿ ಎರಡು ಕಡೆಯಾಗಲಿ ಇರುವಂತಿಲ್ಲ. ಬೇರೆಲ್ಲೂ ಹೆಸರಿಲ್ಲ ಎಂದು ಫಾರಂ 6ರಲ್ಲಿ ಸಹಿ ಹಾಕಿ ಹೇಳಬೇಕಾಗುತ್ತದೆ. ಸುಳ್ಳು ಹೇಳಿದರೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಊರಿನಲ್ಲಿ ಅಜ್ಜನ ಮನೆಯಿದೆ, ಜಾಗವಿದೆ ಎಂಬ ಕಾರಣಕ್ಕೇ ಅಲ್ಲಿ ಮತದಾರರಾಗಲು ಬರುವುದಿಲ್ಲ. ಎಲ್ಲಿ ಸಾಮಾನ್ಯವಾಗಿ ವಾಸವಿದ್ದೇವೋ ಅಲ್ಲಿಯೇ. ಮಕ್ಕಳಿಗೆ ಇದನ್ನು ಮೊದಲ ಅರ್ಜಿಯಲ್ಲೇ ಸರಿಯಾಗಿ ಹೇಳಿಕೊಟ್ಟರೆ ಮುಂದಿನ ತೊಡಕೇ ಇರದು. ತುಳು ಮನೆಗಳ ನಡುವೆ ಹೋಗುವಾಗ "ಊರು ರಡ್ಡ್, ಓಟು ಒಂಜಿ" ಎಂದು ಕೂಗಿ.

ಬಾಡಿಗೆ ಮನೆ ಆದರೇನು? ಬಾಳುವ ಊರು ನಿನ್ನದೇ.

ಸ್ವಂತ ಮನೆಯಿಲ್ಲ, ಹಾಗಾಗಿ ಓಟಿಲ್ಲ ಎಂದುಕೊಂಡವರಿಗೆ ಇದು. ವಿಳಾಸಕ್ಕೆ ಆಧಾರ್, ಪಾಸ್‌ಪೋರ್ಟ್, ಬ್ಯಾಂಕ್ ಪಾಸ್‌ಬುಕ್, ಕರೆಂಟ್, ನೀರು ಅಥವಾ ಗ್ಯಾಸ್ ಬಿಲ್, ನೋಂದಾಯಿತ ಬಾಡಿಗೆ ಕರಾರು ಇವುಗಳಲ್ಲಿ ಒಂದು ಸಾಕು. ಬಿಲ್ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿದ್ದರೂ ನಡೆಯುತ್ತದೆ. ಅದೇ ವಿಳಾಸದಲ್ಲಿ ಮನೆಯವರ ಹೆಸರು ಈಗಾಗಲೇ ಪಟ್ಟಿಯಲ್ಲಿದ್ದರೆ ಅವರ ಮತದಾರ ಗುರುತಿನ ಚೀಟಿಯ ನಂಬರನ್ನು ಫಾರಂನಲ್ಲಿ ಬರೆಯಿಸಿ. ಒಂದೇ ಮನೆಯವರೆಲ್ಲ ಒಂದೇ ಮತಗಟ್ಟೆಗೆ ಬೀಳಲು ಅದರಿಂದ ಅನುಕೂಲ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ತಂದೆತಾಯಿಯ ವಿಳಾಸ, ಹಾಸ್ಟೆಲ್ ವಿಳಾಸ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಹಾಸ್ಟೆಲ್ ಎಂದಾದರೆ ಕಾಲೇಜಿನ ಮುಖ್ಯಸ್ಥರ ಪ್ರಮಾಣಪತ್ರ ತರಲು ಹೇಳಿ.

ಹೋಟೆಲುಗಳ ಅಡಿಗೆಮನೆ ಬಾಗಿಲಿಗೆ, ಕೆಲಸದ ಹುಡುಗರ ಕೋಣೆಗೆ ಅಂಟಿಸಲು:

ಗಲ್ಲೆಯಲ್ಲಿ ಕೂತವರಿಗೂ ಒಂದೇ ಓಟು, ಗ್ಲಾಸು ತೊಳೆಯುವವರಿಗೂ ಒಂದೇ ಓಟು.

ಮಾಲೀಕರ ಒಪ್ಪಿಗೆ ಪಡೆದೇ ಅಂಟಿಸಿ. ಮಧ್ಯಾಹ್ನ ಮೂರರಿಂದ ಐದರ ಬಿಡುವಿನಲ್ಲಿ ಹೋದರೆ ಮಾತಿಗೆ ಸಿಗುತ್ತಾರೆ. ಈ ಹುಡುಗರ ಆಧಾರ್ ಬಹುತೇಕ ಊರಿನ ವಿಳಾಸದಲ್ಲೇ ಇರುತ್ತದೆ. ಅದನ್ನು ವಯಸ್ಸಿನ ದಾಖಲೆಯಾಗಿ ಬಳಸಿ, ವಿಳಾಸಕ್ಕೆ ಇಲ್ಲಿನ ಪಾಸ್‌ಬುಕ್ ಹುಡುಕಿ.

ಬಿಎಲ್‌ಒ ಬಂದಾಗ ವಾಚ್‌ಮನ್‌ಗೂ ನಿನ್ನ ಹೆಸರು ಗೊತ್ತಿರಲಿ.

ಅರ್ಜಿ ಹಾಕುವವರೆಗೆ ಎಲ್ಲ ಸಲೀಸು, ಪರಿಶೀಲನೆಯಲ್ಲಿ ಕೈಜಾರುತ್ತದೆ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಹಗಲಿನಲ್ಲಿ ಬರುತ್ತಾರೆ. ಆಗ ಮಗಳು ಕಾಲೇಜಿನಲ್ಲಿ, ಅಪ್ಪ ಅಮ್ಮ ಕೆಲಸದಲ್ಲಿ, ಮನೆಗೆ ಬೀಗ. ಸೊಸೈಟಿಯ ಹೆಸರಿನ ಫಲಕದಲ್ಲಿ ಇರುವುದು ಮನೆ ಮಾಲೀಕರ ಹೆಸರು, ಬಾಡಿಗೆಯವರದ್ದಲ್ಲ. ಗೇಟಿನಲ್ಲಿ "ಆ ಹೆಸರಿನವರು ಇಲ್ಲಿಲ್ಲ" ಎಂಬ ಉತ್ತರ ಸಿಕ್ಕಿದರೆ ಅರ್ಜಿ ತಿರಸ್ಕಾರವಾಗಬಹುದು. ಅರ್ಜಿ ಹಾಕಿದ ದಿನವೇ ಗೇಟಿನಲ್ಲಿ ಹೆಸರು, ಕೋಣೆ ನಂಬರ್, ಮೊಬೈಲ್ ನಂಬರ್ ಬರೆದ ಚೀಟಿ ಕೊಟ್ಟಿರಲಿ. ಈ ಸಾಲನ್ನು ಲಿಫ್ಟ್ ಪಕ್ಕದ ಸೂಚನಾ ಫಲಕಕ್ಕೆ ಹಾಕಿಸಿ, ಸೊಸೈಟಿಯ ಕಾರ್ಯದರ್ಶಿಯೂ ಓದಲಿ.

ಹೆಸರು ನಿನ್ನದೇ, ಅಕ್ಷರವೂ ನಿನ್ನದೇ? ಮರಾಠಿಯಲ್ಲಿ ಒಮ್ಮೆ ಓದು.

ಇಲ್ಲಿನ ಪಟ್ಟಿ ಮರಾಠಿಯಲ್ಲೂ ಇರುತ್ತದೆ. ಆನ್‌ಲೈನ್ ಫಾರಂನಲ್ಲಿ ಇಂಗ್ಲಿಷಿನಲ್ಲಿ ಹೆಸರು ಬರೆದ ಕೂಡಲೇ ಪಕ್ಕದಲ್ಲಿ ಮರಾಠಿ ರೂಪ ತಾನಾಗಿ ಮೂಡುತ್ತದೆ. ಅಲ್ಲೇ "ಬಂಗೇರ" "ಬಾಂಗೆರಾ" ಆಗುವುದು, "ಸುವರ್ಣ" "ಸುವರ್ಣಾ" ಆಗುವುದು. ಅದನ್ನು ಕೈಯಿಂದ ತಿದ್ದಬಹುದು, ತಿದ್ದಿಸಿ. ಇನ್ನೊಂದು ಗೋಜಲು ಇನಿಷಿಯಲ್‌ನದು. ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಒಂದೇ ಅಕ್ಷರ, ಆಧಾರ್‌ನಲ್ಲಿ ಪೂರ್ತಿ ಹೆಸರು. ಲಗತ್ತಿಸುವ ದಾಖಲೆಯಲ್ಲಿ ಹೇಗಿದೆಯೋ ಹಾಗೆಯೇ ಫಾರಂನಲ್ಲಿರಲಿ.

ದಿನಾಂಕದ ಸಾಲುಗಳು ಕಾಲೇಜು ಗೇಟಿಗೆ:

ಹದಿನೇಳಕ್ಕೆ ಅರ್ಜಿ, ಹದಿನೆಂಟಕ್ಕೆ ಹೆಸರು.

ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್: ವರ್ಷಕ್ಕೆ ನಾಲ್ಕು ಬಾಗಿಲು, ನಿನ್ನದು ಯಾವುದು?

ಮೊದಲು ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು. ಜನವರಿ 2ರಂದು ಹುಟ್ಟಿದವರು ಸುಮಾರು ಒಂದು ವರ್ಷ ಕಾಯಬೇಕಿತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ನಾಲ್ಕೂ ಅರ್ಹತಾ ದಿನಗಳು. 2009ರ ಜನವರಿ 1 ಅಥವಾ ಅದಕ್ಕೂ ಮೊದಲು ಹುಟ್ಟಿದವರಿಗೆ 2027ರ ಜನವರಿಯ ಬಾಗಿಲು. 2009ರ ಫೆಬ್ರವರಿಯಲ್ಲಿ ಹುಟ್ಟಿದವರಿಗೆ ಏಪ್ರಿಲ್. 17 ದಾಟಿದವರು ಮುಂಗಡವಾಗಿ ಅರ್ಜಿ ಕೊಡಬಹುದು, ಹೆಸರು ಸೇರುವುದು ಅವರ ಅರ್ಹತಾ ದಿನದ ನಂತರ. ಮೇಜಿನ ಮೇಲೆ ಈ ನಾಲ್ಕು ದಿನಾಂಕಗಳ ಕಾರ್ಡ್ ಇಟ್ಟು, ಬಂದವರ ಹುಟ್ಟಿದ ತಾರೀಖು ಕೇಳಿ ಬೆರಳಿಟ್ಟು ತೋರಿಸಿ.

ಚುನಾವಣೆ ಸಾರಿದ ಮೇಲೆ ಓಡಬೇಡ, ಸಾರುವ ಮೊದಲೇ ಸೇರು.

ನಾಮಪತ್ರದ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ. ಅದಕ್ಕೂ ಮುಂಚೆ ಆಕ್ಷೇಪಣೆಗೆ ಏಳು ದಿನ ಬಿಡಲೇಬೇಕು. ಮಹಾನಗರಪಾಲಿಕೆಯ ಚುನಾವಣೆಗೂ ವಿಧಾನಸಭೆಯ ಪಟ್ಟಿಯೇ ಆಧಾರ, ಅದೂ ಒಂದು ಗೊತ್ತುಪಡಿಸಿದ ದಿನದವರೆಗಿನದು. 227 ವಾರ್ಡುಗಳ ಈ ಊರಿನಲ್ಲಿ ಮನೆ ಮುಂದಿನ ಚರಂಡಿಯ ಕೆಲಸಕ್ಕೆ ಹೊಣೆ ಯಾರೆಂದು ನಿರ್ಧರಿಸುವ ಮತ ಅದು. ತಡವಾಗಿ ಬಂದವರಿಗೆ ಅದು ಕೈತಪ್ಪುತ್ತದೆ.

ಜೇಬಲ್ಲಿ ಆಧಾರ್ ಇದೆ, ಪಟ್ಟಿಯಲ್ಲಿ ಹೆಸರಿದೆಯಾ?

ಆಧಾರ್ ಇದ್ದ ಮಾತ್ರಕ್ಕೆ ಹೆಸರು ತಾನಾಗಿ ಸೇರುವುದಿಲ್ಲ. ವಾಟ್ಸಾಪ್ ಸ್ಟೇಟಸ್‌ಗೆ ಈ ಸಾಲು ಚೆನ್ನಾಗಿ ಒಪ್ಪುತ್ತದೆ.

ತಂದೆತಾಯಿಗೆ ಒಂದೇ ಸಾಲು:

ಮದುವೆ ಕಾಗದಕ್ಕೂ ಮೊದಲು ಮತದಾರರ ಪಟ್ಟಿಯಲ್ಲಿ ಮಗಳ ಹೆಸರು.

"ಮದುವೆಯಾದ ಮೇಲೆ ಹೆಸರು, ಮನೆ ಎರಡೂ ಬದಲಾಗುತ್ತದೆ, ಆಗ ಮಾಡಿಸಿದರಾಯಿತು" ಎಂಬ ಮಾತಿಗೆ ಇದು ಉತ್ತರ. ಬದಲಾದಾಗ ಫಾರಂ 8 ಇದೆ. ಅಲ್ಲಿಯವರೆಗೆ ಎಷ್ಟು ಚುನಾವಣೆ ಬರುತ್ತವೋ ಅಷ್ಟೂ ಅವಳವು. ಭಜನೆ, ಹಳದಿ ಕುಂಕುಮದ ಕೂಟಗಳಲ್ಲಿ ಅಮ್ಮಂದಿರಿಗೆ ಇದನ್ನು ಓದಿ ಹೇಳಿ.

ಮೆರವಣಿಗೆಯಲ್ಲಿ ಮುಂದಿನವರು ಕೇಳಿ ಹಿಂದಿನವರು ಉತ್ತರಿಸಲು:

ವಯಸ್ಸೆಷ್ಟು? – ಹದಿನೆಂಟು!
ಫಾರಂ ಎಷ್ಟು? – ಆರು!
ಖರ್ಚೆಷ್ಟು? – ಸೊನ್ನೆ!
ಓಟೆಷ್ಟು? – ಒಂದು!

"ಸೊನ್ನೆ" ಎನ್ನುವಲ್ಲಿ ದನಿ ಏರಿಸಿ. ಫಾರಂಗೆ ಶುಲ್ಕವಿಲ್ಲ, ಆದರೂ ದುಡ್ಡು ಕೇಳುವ ಮಧ್ಯವರ್ತಿಗಳು ಇದ್ದಾರೆ.

ಚಿತ್ರದ ವಿಷಯದಲ್ಲಿ ಎಚ್ಚರ. ಕೊನೆಯ ದಿನಾಂಕ ತೋರಿಸಲು ಗಡಿಯಾರ ಬರೆಯುವ ಆಸೆಯಾಗುತ್ತದೆ, ಮುಂಬಯಿ ಎಂದರೆ ಲೋಕಲ್ ರೈಲು ಬರೆಯುವ ಆಸೆಯಾಗುತ್ತದೆ. ಗಡಿಯಾರ, ರೈಲ್ವೆ ಇಂಜಿನ್, ಕಮಲ, ಬಿಲ್ಲುಬಾಣ, ಮಶಾಲು, ತುತ್ತೂರಿ ಎಲ್ಲವೂ ಇಲ್ಲಿ ಪಕ್ಷಗಳ ಚಿಹ್ನೆ. ಶಾಯಿ ಹಾಕಿದ ಎಡಗೈ ತೋರುಬೆರಳೊಂದನ್ನೇ ಬಿಡಿಸಿ, ಅಂಗೈ ಪೂರ್ತಿ ತೆರೆದರೆ ಅದೂ ಚಿಹ್ನೆಯಾಯಿತು. "ಬದಲಾವಣೆ ತರೋಣ" ಎಂಬಂಥ ಮಾತು ಬೇಡ, ಒಂದು ಪಕ್ಷದ ಪರ ಎಂದು ಓದಿಕೊಳ್ಳುವವರಿರುತ್ತಾರೆ. ಸಾರ್ವಜನಿಕ ಗೋಡೆ, ಕಂಬಗಳಿಗೆ ಅಂಟಿಸುವಂತಿಲ್ಲ, ಅದಕ್ಕೆ ಮಹಾರಾಷ್ಟ್ರದಲ್ಲಿ 1995ರ ಕಾಯ್ದೆಯೇ ಇದೆ.

ಮುದ್ರಣಕ್ಕೆ ಕೊಡುವಾಗ ಕಡತವನ್ನು ಪಿಡಿಎಫ್ ಮಾಡಿಯೇ ಕೊಡಿ. ಕನ್ನಡ ಫಾಂಟ್ ಇಲ್ಲದ ಪ್ರೆಸ್‌ನಲ್ಲಿ ಒತ್ತಕ್ಷರ ಒಡೆದು "ಪಟ್ಟಿ" ಎಂಬುದು "ಪಟ್‌ಟಿ" ಆಗಿ ಬರುತ್ತದೆ. ಮೊದಲ ಪ್ರತಿಯನ್ನು ಅಲ್ಲೇ ನಿಂತು ಓದಿ, ನಂತರ ಉಳಿದದ್ದಕ್ಕೆ ಹೇಳಿ. ಪ್ರತಿ ಪೋಸ್ಟರಿನ ಬುಡದಲ್ಲಿ voters.eci.gov.in ಮತ್ತು ಸಹಾಯವಾಣಿ 1950 ದೊಡ್ಡದಾಗಿ ಇರಲಿ.

ಅರ್ಜಿ ಹಾಕಿದವರಿಗೆ ಎರಡು ವಾರ ಬಿಟ್ಟು ವಾಟ್ಸಾಪ್‌ನಲ್ಲಿ ಕಳಿಸುವ ಸಾಲು:

ನಂಬರ್ ಬಂತು ಸರಿ, ಹೆಸರು ಬಂತಾ?

ಆನ್‌ಲೈನ್ ಅರ್ಜಿ ಮುಗಿದಾಗ ಬರುವ ಉಲ್ಲೇಖ ಸಂಖ್ಯೆಯನ್ನೇ ಎಷ್ಟೋ ಮಂದಿ ನೋಂದಣಿ ಎಂದುಕೊಳ್ಳುತ್ತಾರೆ. ಅದು ಅರ್ಜಿ ತಲುಪಿದ್ದಕ್ಕೆ ಗುರುತು ಅಷ್ಟೇ. ಅದೇ ಸಂಖ್ಯೆ ಹಾಕಿ ಸ್ಥಿತಿ ನೋಡಿಸಿ. ತಿರಸ್ಕಾರವಾಗಿದ್ದರೆ ಕಾರಣ ಓದಿ, ಆ ದಾಖಲೆ ಸರಿಮಾಡಿಸಿ, ಮುಂದಿನ ಭಾನುವಾರ ಮತ್ತೆ ಮೇಜಿಗೆ ಕರೆಯಿರಿ.