ಅಕ್ಟೋಬರ್ 1ರಿಂದ ನಿಮ್ಮ ಆರೋಗ್ಯ ವಿಮೆಯ ಪ್ರೀಮಿಯಂನಲ್ಲಿ ಬದಲಾವಣೆ

ಹುಬ್ಬಳ್ಳಿ ಶಾಖೆ, 1 ಜುಲೈ 2026

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ನಮ್ಮ ಆರೋಗ್ಯ ವಿಮೆ ಪಾಲಿಸಿದಾರರಿಗೆ,

ನಮಸ್ಕಾರ.

2026ರ ಅಕ್ಟೋಬರ್ 1 ಅಥವಾ ಅದರ ನಂತರ ನವೀಕರಣಕ್ಕೆ ಬರುವ ಪಾಲಿಸಿಗಳ ಪ್ರೀಮಿಯಂ ಜಾಸ್ತಿ ಆಗುತ್ತಿದೆ. 60 ವರ್ಷದೊಳಗಿನವರಿಗೆ ಶೇ 9, 60 ತುಂಬಿದವರಿಗೆ ಶೇ 6. ಕುಟುಂಬ ಪಾಲಿಸಿಯಾದರೆ ಎಲ್ಲರಿಗಿಂತ ಹಿರಿಯ ಸದಸ್ಯರ ವಯಸ್ಸನ್ನು ನೋಡುತ್ತೇವೆ. ದರ ಬದಲಾಗುವ ಮೂರು ತಿಂಗಳು ಮೊದಲೇ ತಿಳಿಸುತ್ತೇವೆ ಎಂದು ನಿಮ್ಮ ಪಾಲಿಸಿ ಪುಸ್ತಕದಲ್ಲಿ ಬರೆದಿದೆ. ಅದಕ್ಕೇ ಈ ಪತ್ರ ಈಗಲೇ ಬಂದಿದೆ. ಇವತ್ತು ನೀವು ಏನನ್ನೂ ಕಟ್ಟಬೇಕಾಗಿಲ್ಲ.

ಮೊದಲು ಒಂದು ಮಾತು. ಈ ಏರಿಕೆ ನೀವು ಕ್ಲೇಮ್ ಮಾಡಿದ್ದಕ್ಕೆ ಅಲ್ಲ. ಹೋದ ವರ್ಷ ದವಾಖಾನೆಗೆ ಸೇರಿದ್ದವರು ಇಂಥ ಪತ್ರ ನೋಡಿದ ಕೂಡಲೇ ‘ನಾವು ರೊಕ್ಕ ತಗೊಂಡಿದ್ದಕ್ಕೇ ಹೀಗೆ ಮಾಡಿದರು’ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಬ್ಬರು ಕ್ಲೇಮ್ ಮಾಡಿದರೆಂದು ನವೀಕರಣದಲ್ಲಿ ಅವರೊಬ್ಬರ ಪ್ರೀಮಿಯಂ ಏರಿಸುವಂತಿಲ್ಲ. ಅದೇ ಕಾರಣಕ್ಕೆ ನವೀಕರಣ ನಿರಾಕರಿಸುವಂತೆಯೂ ಇಲ್ಲ. ಇದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ನಿಯಮ. ಒಂದೂ ಕ್ಲೇಮ್ ಮಾಡದವರಿಗೂ ಎರಡು ಕ್ಲೇಮ್ ಮಾಡಿದವರಿಗೂ ಏರಿಕೆಯ ದರ ಒಂದೇ.

ಹಾಗಾದರೆ ಯಾಕೆ ಏರಿತು?

ಓಣಿಯ ಗಣಪತಿಗೆ ಪಟ್ಟಿ ಎತ್ತುವುದು ನಿಮಗೆ ಗೊತ್ತೇ ಇದೆ. ಪೆಂಡಾಲ್ ಬಾಡಿಗೆ, ಮೈಕು, ಪ್ರಸಾದ ಎಲ್ಲ ತುಟ್ಟಿಯಾದರೆ ಮುಂದಿನ ವರ್ಷ ಪ್ರತಿ ಮನೆಯ ಪಟ್ಟಿ ಏರುತ್ತದೆ. ವಿಮೆಯೂ ಒಂಥರಾ ದೊಡ್ಡ ಪಟ್ಟಿಯೇ. ಎಲ್ಲರೂ ಹಾಕಿದ ರೊಕ್ಕದಿಂದ ಆ ವರ್ಷ ಕಾಯಿಲೆ ಬಿದ್ದವರ ಬಿಲ್ ಕಟ್ಟುತ್ತೇವೆ. ಆ ಬಿಲ್‌ಗಳು ದೊಡ್ಡದಾಗಿವೆ. ಕೋಣೆ ಬಾಡಿಗೆ, ಸ್ಕ್ಯಾನ್, ಸ್ಟೆಂಟ್, ಮಂಡಿ ಚಿಪ್ಪಿನ ಆಪರೇಷನ್, ಐಸಿಯು ಎಲ್ಲದರ ಖರ್ಚೂ ಏರಿದೆ. ಮೊದಲು ಬೆಂಗಳೂರು, ಬೆಳಗಾವಿಗೆ ಹೋಗಿ ಮಾಡಿಸುತ್ತಿದ್ದ ಎಷ್ಟೋ ಚಿಕಿತ್ಸೆ ಈಗ ಹುಬ್ಬಳ್ಳಿ-ಧಾರವಾಡದಲ್ಲೇ ಸಿಗುತ್ತದೆ. ಒಳ್ಳೆಯದೇ ಆಯಿತು. ಮೊದಲು ‘ಇನ್ನೊಮ್ಮೆ ನೋಡೋಣ’ ಎಂದು ಮುಂದೂಡುತ್ತಿದ್ದವರು ಈಗ ಮುಂದೂಡುವುದಿಲ್ಲ. ಅದರಿಂದ ಕ್ಲೇಮ್‌ಗಳೂ ಹೆಚ್ಚಿವೆ.

ನಿಮ್ಮಲ್ಲಿ ಕೆಲವರ ಪತ್ರದಲ್ಲಿ ಶೇ 9ಕ್ಕಿಂತ ಜಾಸ್ತಿ ಕಾಣಬಹುದು. ಅದಕ್ಕೆ ಕಾರಣ ವಯಸ್ಸಿನ ಗುಂಪು. ಪ್ರೀಮಿಯಂ ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರುವುದಿಲ್ಲ. 36-40, 41-45, 46-50, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಮೆಟ್ಟಿಲು ಹತ್ತಿದ ವರ್ಷವೇ ದರವೂ ಬದಲಾದರೆ ಎರಡೂ ಒಟ್ಟಿಗೆ ಬೀಳುತ್ತವೆ. ಈ ಸಲ ಕೆಲವರಿಗೆ ಹಾಗೇ ಆಗಿದೆ.

ಮೂರು ಮನೆಗಳ ಲೆಕ್ಕ ನೋಡಿ. ಮೂರೂ ಪಾಲಿಸಿಗಳಲ್ಲಿ ವಿಮಾ ಮೊತ್ತ 5 ಲಕ್ಷ ರೂಪಾಯಿ.

ಹಾವೇರಿಯ ಗಂಡ ಹೆಂಡತಿ, ಇಬ್ಬರಿಗೂ 38 ವರ್ಷ. ಹೋದ ವರ್ಷ ಕಟ್ಟಿದ್ದು ₹12,600. ಶೇ 9 ಅಂದರೆ ₹1,134. ಈ ವರ್ಷ ₹13,734. ಇವರಿಗೆ ಗುಂಪು ಬದಲಾಗಿಲ್ಲ.

ಧಾರವಾಡದಲ್ಲಿ ಒಬ್ಬರೇ ಇರುವ 67 ವರ್ಷದ ತಾಯಿ. ಹೋದ ವರ್ಷ ₹24,500. ಶೇ 6 ಅಂದರೆ ₹1,470. ಈ ವರ್ಷ ₹25,970. ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಸೂಚನೆ ಬಂದಿದೆ. ನಮ್ಮದು ಆ ಮಿತಿಯೊಳಗೇ ಇದೆ.

ಗದಗದ ಒಂದು ಕುಟುಂಬ, ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಹೋದ ವರ್ಷ ₹18,400. ಶೇ 9ರಿಂದ ₹1,656 ಏರಿತು. ಅಪ್ಪನಿಗೆ ಈಗ 46, ಅಂದರೆ ಗುಂಪು ಬದಲಾಯಿತು. ಅದರಿಂದ ಇನ್ನೊಂದು ₹1,900. ಈ ವರ್ಷ ಒಟ್ಟು ₹21,956.

ಈ ಮೂರನೇ ಮನೆಗೆ ಒಂದೇ ವರ್ಷದಲ್ಲಿ ₹3,556 ಏರಿದೆ. ‘ದಿನಕ್ಕೆ ಒಂದು ಕಪ್ ಚಹಾದ ರೊಕ್ಕ ಅಷ್ಟೇ’ ಎಂದು ನಾವು ಹೇಳುವುದಿಲ್ಲ. ಮೂರೂವರೆ ಸಾವಿರ ಅಂದರೆ ಮೂರೂವರೆ ಸಾವಿರವೇ. ಆದರೆ ಇವರಿಗೆ 51 ಆಗುವವರೆಗೆ ಮತ್ತೆ ಗುಂಪು ಬದಲಾಗುವುದಿಲ್ಲ. ನಿಮ್ಮ ಮನೆಯ ಲೆಕ್ಕ ಈ ಪತ್ರದ ಜೊತೆಗಿರುವ ಹಾಳೆಯಲ್ಲಿದೆ. ಅದರಲ್ಲಿ ದರದಿಂದ ಎಷ್ಟು, ವಯಸ್ಸಿನಿಂದ ಎಷ್ಟು ಎಂದು ಬೇರೆ ಬೇರೆ ತೋರಿಸಿದ್ದೇವೆ.

ತೆರಿಗೆಯ ಬಗ್ಗೆಯೂ ಒಂದು ಮಾತು. ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಗೆ ಇದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ಮೇಲಿನ ಲೆಕ್ಕದಲ್ಲಿ ಎರಡೂ ವರ್ಷ ತೆರಿಗೆ ಇಲ್ಲ. ನೀವು 2024ರ ರಸೀದಿ ಹಿಡಿದು ಹೋಲಿಸಿದರೆ ಅದರಲ್ಲಿ ಜಿಎಸ್‌ಟಿ ಸೇರಿರುತ್ತದೆ. ಅದನ್ನು ತೆಗೆದು ನೋಡಿ. ಇಲ್ಲದಿದ್ದರೆ ಏರಿಕೆ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಅಂಥ ತಪ್ಪು ಲೆಕ್ಕದಿಂದ ನಮಗೆ ಲಾಭ ಬೇಡ.

ಬದಲಾಗದೇ ಇರುವುದು

ವಿಮಾ ಮೊತ್ತ ಅಷ್ಟೇ. ಕ್ಯಾಶ್‌ಲೆಸ್ ಸೌಲಭ್ಯ ಹಾಗೇ ಇದೆ. ಕ್ಲೇಮ್ ಇಲ್ಲದ ವರ್ಷಗಳಿಗೆ ಸೇರಿದ ಬೋನಸ್ ಎಲ್ಲಿಗೂ ಹೋಗುವುದಿಲ್ಲ. ಶುಗರ್, ಬಿಪಿ ಥರದ ಹಳೆಯ ಕಾಯಿಲೆಗಳಿಗೆ ಕ್ಲೇಮ್ ಸಿಗಲು ನೀವು ಈಗಾಗಲೇ ಕಾದ ವರ್ಷಗಳು ಲೆಕ್ಕದಲ್ಲೇ ಇರುತ್ತವೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಏರಿಕೆ ನೋಡಿ ಬೇಸರದಲ್ಲಿ ಪಾಲಿಸಿ ಬಿಟ್ಟು, ವರ್ಷ ಕಳೆದ ಮೇಲೆ ಹೊಸದು ಮಾಡಿಸಲು ಬರುವವರನ್ನು ನಾವು ನೋಡಿದ್ದೇವೆ. ಅವರಿಗೆ ಹಳೆಯ ಕಾಯಿಲೆಗೆ ಕಾಯುವ ಅವಧಿ ಮೊದಲಿಂದ ಶುರುವಾಗುತ್ತದೆ. ಅದು 3 ವರ್ಷದವರೆಗೂ ಇರಬಹುದು. ಮೂರೂವರೆ ಸಾವಿರ ಉಳಿಸಲು ಹೋಗಿ ಮೂರು ವರ್ಷ ಕಳೆದುಕೊಳ್ಳುವುದು ಬೇಡ, ಅಲ್ವಾ?

ರೊಕ್ಕ ಹೊಂದಿಸಲು ಕಷ್ಟವಾದರೆ

ಒಂದೇ ಸಲ ಕಟ್ಟುವುದು ಬೇಡವಾದರೆ ಮೂರು ತಿಂಗಳಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಕಟ್ಟಬಹುದು. ಪಗಾರದವರಿಗೆ ಅಕ್ಟೋಬರ್ ಆದರೇನು, ನವೆಂಬರ್ ಆದರೇನು. ಆದರೆ ಬ್ಯಾಡಗಿ, ರಾಣೆಬೆನ್ನೂರು ಕಡೆ ಮೆಣಸಿನಕಾಯಿ, ಹತ್ತಿ ನಂಬಿದ ಮನೆಗಳಿಗೆ ಅಕ್ಟೋಬರ್‌ನಲ್ಲಿ ಕೈ ಬರಿದು, ಮಾಲು ಮಾರುಕಟ್ಟೆಗೆ ಹೋದ ಮೇಲೇ ರೊಕ್ಕ. ಅಂಥವರಿಗೆ ಕಂತು ಅನುಕೂಲ. ಕಂತಿನ ದಿನ ತಪ್ಪಿದರೂ 30 ದಿನ ಸಮಯವಿದೆ, ಆ ದಿನಗಳಲ್ಲೂ ವಿಮೆ ನಡೆಯುತ್ತದೆ. ವರ್ಷಕ್ಕೆ ಒಮ್ಮೆ ಕಟ್ಟುವವರಿಗೆ ಹಾಗಿಲ್ಲ. ಅವರಿಗೂ ಅವಧಿ ಮುಗಿದ ಮೇಲೆ 30 ದಿನ ಸಮಯವಿದೆ, ಪಾಲಿಸಿಯ ಹಳೆಯ ಲಾಭಗಳೂ ಉಳಿಯುತ್ತವೆ. ಆದರೆ ರೊಕ್ಕ ಕಟ್ಟದ ಆ ದಿನಗಳಲ್ಲಿ ದವಾಖಾನೆ ಸೇರಿದರೆ ಕ್ಲೇಮ್ ಸಿಗುವುದಿಲ್ಲ. ದಯವಿಟ್ಟು ಕೊನೆಯ ದಿನದವರೆಗೆ ಕಾಯಬೇಡಿ.

ಇನ್ನೊಂದು ದಾರಿ ‘ಡಿಡಕ್ಟಿಬಲ್’. ಅಂದರೆ ವರ್ಷದ ದವಾಖಾನೆ ಖರ್ಚಿನಲ್ಲಿ ಮೊದಲ ₹25,000 ನೀವು ಹಾಕುತ್ತೀರಿ, ಅದರ ಮೇಲಿನದು ನಾವು. ಗದಗದ ಆ ಕುಟುಂಬ ಇದನ್ನು ಆರಿಸಿದರೆ ಪ್ರೀಮಿಯಂ ₹3,300 ಕಡಿಮೆ ಆಗುತ್ತದೆ. ಅಂದರೆ ಹೋದ ವರ್ಷದ ಹತ್ತಿರಕ್ಕೇ ಬರುತ್ತದೆ. ತುರ್ತಿಗೆ ಇಪ್ಪತ್ತೈದು ಸಾವಿರ ಕೈಯಲ್ಲಿ ಇರುವ ಮನೆಗೆ ಇದು ಸರಿ. ಇಲ್ಲದವರು ಆರಿಸಬೇಡಿ. ದವಾಖಾನೆಯ ಕೌಂಟರ್ ಮುಂದೆ ನಿಂತಾಗ ಕಷ್ಟವಾಗುತ್ತದೆ.

ವಿಮಾ ಮೊತ್ತವನ್ನು 5ರಿಂದ 3 ಲಕ್ಷಕ್ಕೆ ಇಳಿಸಿದರೂ ಪ್ರೀಮಿಯಂ ಇಳಿಯುತ್ತದೆ. ಕೇಳಿದರೆ ಮಾಡಿಕೊಡುತ್ತೇವೆ. ಆದರೆ ನಮ್ಮ ಮನೆಯವರೇ ಕೇಳಿದರೆ ಬೇಡ ಎನ್ನುತ್ತೇವೆ. ಒಂದು ಹಾರ್ಟ್ ಆಪರೇಷನ್ ಆದರೆ 3 ಲಕ್ಷ ಸಾಲದೇ ಹೋಗಬಹುದು. ಮುಂದೆ ಮತ್ತೆ 5ಕ್ಕೆ ಏರಿಸಿದರೆ ಆ ಹೆಚ್ಚಿನ 2 ಲಕ್ಷಕ್ಕೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ.

ಬೇರೆ ಕಂಪನಿಗೆ ಹೋಗುವ ಹಕ್ಕೂ ನಿಮಗಿದೆ. ಇದಕ್ಕೆ ‘ಪೋರ್ಟಿಂಗ್’ ಅನ್ನುತ್ತಾರೆ, ಮೊಬೈಲ್ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಿದ ಹಾಗೆ. ನೀವು ಕಾದ ವರ್ಷಗಳು ನಿಮ್ಮ ಜೊತೆ ಬರುತ್ತವೆ. ನವೀಕರಣಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಬೇಕು. ಉದಾಹರಣೆಗೆ ನಿಮ್ಮ ದಿನ ಅಕ್ಟೋಬರ್ 12 ಆದರೆ ಆಗಸ್ಟ್ 28ರೊಳಗೆ. ಹೊಸ ಕಂಪನಿ ನಿಮ್ಮ ಅರ್ಜಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ಅವರು ಬರವಣಿಗೆಯಲ್ಲಿ ಒಪ್ಪುವವರೆಗೆ ನಮ್ಮ ಪಾಲಿಸಿ ಬಿಡಬೇಡಿ. ನೀವು ಹೋಗುವುದು ನಮಗೆ ಇಷ್ಟವಿಲ್ಲ, ನಿಜ. ಆದರೂ ಹೋಗುವವರು ಸರಿಯಾಗಿ ಹೋಗಲಿ.

ಹಳೆಯ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಈ ಪ್ರೀಮಿಯಂ ಮೇಲೆ ವಿನಾಯಿತಿ ಸಿಗುತ್ತದೆ. ನಗದು ಕೊಟ್ಟರೆ ಸಿಗುವುದಿಲ್ಲ. ಚೆಕ್, ಯುಪಿಐ ಅಥವಾ ಕಾರ್ಡಿನಲ್ಲಿ ಕಟ್ಟಿ.

ಒಂದು ಎಚ್ಚರಿಕೆ

ಇಂಥ ಪತ್ರ ಹೋದ ಮೇಲೆ ‘ನಿಮ್ಮ ಪ್ರೀಮಿಯಂ ಕಡಿಮೆ ಮಾಡಿಸಿಕೊಡುತ್ತೇವೆ, ಒಂದು ಒಟಿಪಿ ಹೇಳಿ’ ಎಂದು ಫೋನ್ ಬರಬಹುದು. ನಾವು ಒಟಿಪಿ ಕೇಳುವುದಿಲ್ಲ. ನಮ್ಮ ಏಜೆಂಟರೂ ಕೇಳುವುದಿಲ್ಲ. ಎಷ್ಟೇ ಪರಿಚಯದವರಾದರೂ ಅವರ ಸ್ವಂತ ಖಾತೆಗೆ ಪ್ರೀಮಿಯಂ ಹಾಕಬೇಡಿ. ರೊಕ್ಕ ಕಂಪನಿಯ ಹೆಸರಿಗೇ ಹೋಗಬೇಕು, ರಸೀದಿ ಕೈಗೆ ಬರಬೇಕು.

ಲೆಕ್ಕ ತಪ್ಪಿದೆ ಅನ್ನಿಸಿದರೆ

ಮೊದಲು ನಮ್ಮನ್ನು ಕೇಳಿ. ಎಷ್ಟೋ ಸಲ ತಪ್ಪು ಇರುವುದು ಹುಟ್ಟಿದ ದಿನಾಂಕದಲ್ಲಿ. ಶಾಲೆ ಸೇರಿಸುವಾಗ ಮಾಸ್ತರು ಜೂನ್ 1 ಎಂದು ಬರೆದಿರುತ್ತಾರೆ, ಆಧಾರ್‌ನಲ್ಲಿ ಬೇರೆ ವರ್ಷವೇ ಇರುತ್ತದೆ. ಒಂದು ವರ್ಷದ ವ್ಯತ್ಯಾಸದಿಂದ ಗುಂಪೇ ಬದಲಾಗಬಹುದು. ದಾಖಲೆ ತನ್ನಿ, ಸರಿಮಾಡುತ್ತೇವೆ. ನಮ್ಮ ಉತ್ತರ ಒಪ್ಪಿಗೆಯಾಗದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಅಲ್ಲೂ ಬಗೆಹರಿಯದಿದ್ದರೆ ಐಆರ್‌ಡಿಎಐನ ಉಚಿತ ಸಹಾಯವಾಣಿ 155255ಕ್ಕೆ ಕರೆ ಮಾಡಬಹುದು, ಇಲ್ಲವೇ bimabharosa.irdai.gov.in ತಾಣದಲ್ಲಿ ದೂರು ಹಾಕಬಹುದು. ಅದರಾಚೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

ಎದುರು ಕೂತು ಮಾತಾಡಬೇಕು ಅನ್ನುವವರಿಗಾಗಿ ನಾವೇ ಬರುತ್ತೇವೆ. ಜುಲೈ 18, ಶನಿವಾರ ಗದಗದ ನಮ್ಮ ಸೇವಾ ಕೇಂದ್ರದಲ್ಲಿ, ಜುಲೈ 25, ಶನಿವಾರ ಹಾವೇರಿಯದರಲ್ಲಿ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಇರುತ್ತೇವೆ. ಹುಬ್ಬಳ್ಳಿ-ಧಾರವಾಡದವರು ಕೆಲಸದ ದಿನ ಯಾವಾಗ ಬೇಕಾದರೂ ಶಾಖೆಗೆ ಬನ್ನಿ. ಸೋಮವಾರ ಸ್ವಲ್ಪ ಗದ್ದಲ ಇರುತ್ತದೆ, ಅದೊಂದು ದಿನ ಬಿಟ್ಟರೆ ಒಳ್ಳೆಯದು. ಬರುವಾಗ ಹಳೆಯ ರಸೀದಿ, ಆಧಾರ್ ಮತ್ತು ಈ ಪತ್ರ ತನ್ನಿ. ಬರಲಾಗದ ಹಿರಿಯರು ಪಾಲಿಸಿ ಕಾರ್ಡಿನ ಹಿಂಬದಿಯ ನಂಬರಿಗೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಮಗನೋ ಮಗಳೋ ಪರವಾಗಿ ಬಂದರೂ ಆಗುತ್ತದೆ, ನಿಮ್ಮ ಸಹಿ ಇರುವ ಒಂದು ಚೀಟಿ ಕೊಟ್ಟು ಕಳಿಸಿ.

ಇಂತಿ,
ಶಾಖಾ ವ್ಯವಸ್ಥಾಪಕರು
ಹುಬ್ಬಳ್ಳಿ ಶಾಖೆ